ಗೋವೆಯ ಮದುವೆ ಸೀಸನ್ನು ಮತ್ತು ಕೊನೆಯ ದಿನಾಂಕದ ಮಾತು

2025ರಲ್ಲಿ ತುಳಸಿ ಲಗ್ನ ನವೆಂಬರ್ 2ರಂದು ಬಂದಿತ್ತು. 2026ರಲ್ಲಿ ನವೆಂಬರ್ 21ಕ್ಕೆ ಬರುತ್ತದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ನಡುವೆ ಸೇರಿಕೊಂಡಿದ್ದರಿಂದ ಆಮೇಲಿನ ಹಬ್ಬಗಳೆಲ್ಲ ಮುಂದಕ್ಕೆ ಸರಿದಿವೆ. ಗೋವೆಯವರು ತುಳಸಿ ಲಗ್ನವನ್ನು ‘ವ್ಹಡಲಿ ದಿವಾಳಿ’, ಅಂದರೆ ದೊಡ್ಡ ದೀಪಾವಳಿ ಎನ್ನುತ್ತಾರೆ. ಅಂಗಳದ ವೃಂದಾವನಕ್ಕೆ ಕಬ್ಬು ಕಟ್ಟಿ ತುಳಸಿಯ ಮದುವೆ ಮಾಡಿದ ಮೇಲೆಯೇ ಮನೆಯ ಹುಡುಗಿಯ ಮದುವೆಗೆ ದಾರಿ ತೆರೆಯುತ್ತದೆ. ಡಿಸೆಂಬರ್ 16ಕ್ಕೆ ಧನುರ್ಮಾಸ ಹಿಡಿಯುತ್ತದೆ. ಪಂಚಾಂಗದಿಂದ ಪಂಚಾಂಗಕ್ಕೆ ಇದರಲ್ಲಿ ಭೇದವಿದ್ದರೂ, ಧನುರ್ಮಾಸವನ್ನು ಬಿಡುವ ಮನೆಗಳಿಗೆ ಸೀಸನ್ನಿನ ಮೊದಲ ಸುತ್ತು ಕಳೆದ ವರ್ಷ ಆರು ವಾರಕ್ಕಿಂತ ತುಸು ಹೆಚ್ಚೇ ಇತ್ತು. ಈ ವರ್ಷ ಅದು ಮೂರೂವರೆ ವಾರ. ಗುರು ಶುಕ್ರರ ಅಸ್ತ ನಡುವೆ ಬಂದರೆ ಅದರಲ್ಲೂ ಕಡಿತ.

ಹೀಗಿರುವಾಗ ವಾಸ್ಕೋದಲ್ಲೋ ಮಡಗಾಂವಿನಲ್ಲೋ ಒಬ್ಬ ಫೋಟೋಗ್ರಾಫರ್ ಕಳೆದ ವರ್ಷದ ಪೋಸ್ಟರ್ ತೆಗೆದು, ಇಸವಿ ಮಾತ್ರ ತಿದ್ದಿ, ‘ಸೀಸನ್ನಿಗೆ ಮುಂಚೆ ಬುಕ್ ಮಾಡಿ, ಶೇಕಡಾ 10 ರಿಯಾಯಿತಿ, ಕೆಲವೇ ದಿನ ಮಾತ್ರ’ ಎಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರೆ ಆ ಮಾತಿಗೆ ಅರ್ಥವೇನು? ಯಾವ ಸೀಸನ್ನು, ಯಾವುದಕ್ಕೆ ಮುಂಚೆ, ಎಷ್ಟು ದಿನ? ಹಿಂದೂ ಮನೆಗಳ ಸೀಸನ್ನು ತುಳಸಿ ಲಗ್ನದಿಂದ ಆರಂಭವಾದರೆ ಕ್ಯಾಥೊಲಿಕ್ ಮನೆಗಳದು ಚರ್ಚಿನ ಕ್ಯಾಲೆಂಡರನ್ನು ಅನುಸರಿಸುತ್ತದೆ. ಕ್ರಿಸ್ಮಸ್ಸಿಗೆ ಮೊದಲಿನ ಆಡ್ವೆಂಟಿನಲ್ಲೂ ಈಸ್ಟರಿಗೆ ಮೊದಲಿನ ಲೆಂಟಿನಲ್ಲೂ ಅಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. 2026ರ ಆಡ್ವೆಂಟ್ ನವೆಂಬರ್ 29ಕ್ಕೆ ಶುರು. 2027ರ ಲೆಂಟ್ ಫೆಬ್ರವರಿ 10ಕ್ಕೇ ಬಂದುಬಿಡುತ್ತದೆ. ಗಲ್ಫಿನಲ್ಲೂ ಹಡಗಿನಲ್ಲೂ ದುಡಿಯುವ ಮಕ್ಕಳು ಕ್ರಿಸ್ಮಸ್ಸಿಗೆ ಊರಿಗೆ ಬರುವುದರಿಂದ ಅವರ ಮದುವೆಗಳೆಲ್ಲ ಡಿಸೆಂಬರಿನ ಕೊನೆಯಿಂದ ಜನವರಿಯೊಳಗೆ ತುಂಬಿಕೊಳ್ಳುತ್ತವೆ. ಇನ್ನು ಬಾಯಣೆ, ಜುವಾರಿನಗರಗಳ ಕನ್ನಡ ಮನೆಗಳು. ಇವರಲ್ಲಿ ಎಷ್ಟೋ ಮಂದಿ ಮದುವೆಯನ್ನು ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ತಮ್ಮ ಊರಲ್ಲಿ, ಸುಗ್ಗಿ ಮುಗಿದು ಶಾಲೆಗೆ ರಜೆ ಬಿಟ್ಟ ಮೇಲೆ ಮಾಡುತ್ತಾರೆ. ಗೋವೆಯಲ್ಲಿ ಒಂದು ಆರತಕ್ಷತೆ ಇಟ್ಟುಕೊಂಡರೆ ಇಟ್ಟುಕೊಂಡರು. ಒಂದೇ ಬೀದಿಯಲ್ಲಿ ಮೂರು ಸೀಸನ್ನು ಇರುವ ನಾಡಿನಲ್ಲಿ ‘ಸೀಸನ್ನಿಗೆ ಮುಂಚೆ’ ಎಂಬುದು ಗಡುವೇ ಅಲ್ಲ.

ನನ್ನ ವಾದ ಇಷ್ಟು. ಮುಂಚಿತ ಬುಕಿಂಗಿನ ರಿಯಾಯಿತಿಯಲ್ಲಿ ಕೊನೆಯ ದಿನಾಂಕವನ್ನು ಗಿರಾಕಿಯನ್ನು ಓಡಿಸುವ ಚಾಟಿಯಂತೆ ಬಳಸಬಾರದು. ಅದು ವ್ಯಾಪಾರಿಯ ಸ್ವಂತ ಕೆಲಸದಲ್ಲಿ ನಿಜವಾಗಿ ಇರುವ ಒಂದು ತಿರುವನ್ನು ಹೇಳಬೇಕು. ಆ ತಿರುವು ಅಡುಗೆಯವರಿಗೆ, ಫೋಟೋದವರಿಗೆ, ಸೀರೆ ಅಂಗಡಿಯವರಿಗೆ ಬೇರೆ ಬೇರೆ. ಮೂವರೂ ಒಂದೇ ಮಾದರಿಯ ಜಾಹೀರಾತು ಬರೆದರೆ ಕನಿಷ್ಠ ಇಬ್ಬರು ಸುಳ್ಳು ಹೇಳುತ್ತಿರುತ್ತಾರೆ.

ಫೋಟೋದವರನ್ನೇ ಮೊದಲು ನೋಡೋಣ. ಅವರು ಮಾರುವುದು ದಿನವನ್ನು. ಒಬ್ಬ ಮನುಷ್ಯ, ಒಂದು ತಂಡ, ಒಂದು ಮುಹೂರ್ತ. ಡಿಸೆಂಬರ್ 28ಕ್ಕೆ ಒಂದು ಬುಕಿಂಗ್ ಆಯಿತೆಂದರೆ ಆ ದಿನ ಮುಗಿಯಿತು. ಇವರ ಕೊರತೆ ನಿಜವಾದದ್ದು, ಹೆದರಿಸಬೇಕಾದ ಅಗತ್ಯವೇ ಇಲ್ಲ. ವಿಚಿತ್ರವೆಂದರೆ ಅತಿ ಹೆಚ್ಚು ‘ಬೇಗ ಮಾಡಿ’ ಎಂದು ಕೂಗುವವರೂ ಇವರೇ. ಹಾಗೆ ಕೂಗಿ, ಹೇಗಿದ್ದರೂ ತುಂಬುವ ದಿನಗಳಿಗೂ ಸೇರಿಸಿ ರಿಯಾಯಿತಿ ಕೊಟ್ಟುಬಿಡುತ್ತಾರೆ. ಕ್ರಿಸ್ಮಸ್ ಮುಗಿದ ಮರುದಿನದಿಂದ ಜನವರಿಯ ಮೊದಲ ವಾರದವರೆಗೆ ಗೋವೆಯಲ್ಲಿ ಒಳ್ಳೆಯ ಫೋಟೋಗ್ರಾಫರಿಗೆ ಕೆಲಸ ಹುಡುಕಿಕೊಂಡು ಬರುತ್ತದೆ. ಆ ದಿನಗಳ ಮೇಲೆ ಬಿಟ್ಟ ಹಣ ಸುಮ್ಮನೆ ಬಿಟ್ಟ ಹಣ. ರಿಯಾಯಿತಿ ಬೇಕಾದದ್ದು ನವೆಂಬರಿನ ಕೊನೆಯ ವಾರದ ಕೆಲಸದ ದಿನಗಳಿಗೆ, ಜನವರಿಯ ನಡುವಿನ ಮಂಗಳವಾರ ಬುಧವಾರಗಳಿಗೆ. ಆದ್ದರಿಂದ ಫೋಟೋದವರ ಜಾಹೀರಾತಿನಲ್ಲಿ ಎರಡು ದಿನಾಂಕ ಇರಲೇಬೇಕು. ಬುಕಿಂಗ್ ಯಾವತ್ತಿನೊಳಗೆ ಎಂಬುದು ಒಂದು, ಮದುವೆ ಯಾವಾಗ ಇದ್ದರೆ ಎಂಬುದು ಇನ್ನೊಂದು. ನಾನು ನೋಡಿದ ಜಾಹೀರಾತುಗಳಲ್ಲಿ ಹೆಚ್ಚಿನವು ಈ ಎರಡನ್ನು ಕಲಸಿಬಿಡುತ್ತವೆ. ‘ಡಿಸೆಂಬರ್ 31ರವರೆಗೆ ಆಫರ್’ ಎಂದರೆ ಅಷ್ಟರೊಳಗೆ ಮುಂಗಡ ಕೊಡಬೇಕೋ, ಅಷ್ಟರೊಳಗೆ ಮದುವೆಯೇ ಆಗಬೇಕೋ? ಗಿರಾಕಿ ತನಗೆ ಲಾಭವಾಗುವಂತೆ ಓದುತ್ತಾನೆ, ವ್ಯಾಪಾರಿ ತನಗೆ ಲಾಭವಾಗುವಂತೆ. ಜಗಳ ಬಿಲ್ಲಿನ ದಿನ ಏಳುತ್ತದೆ.

ಅಡುಗೆಯವರು ಮಾರುವುದು ದಿನವನ್ನೂ ಹೌದು, ಪ್ಲೇಟನ್ನೂ ಹೌದು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಫೋಂಡಾದ ಒಬ್ಬ ಕೇಟರರ್ 300 ಪ್ಲೇಟು, ಪ್ಲೇಟಿಗೆ 600 ರೂಪಾಯಿ ಎಂದು ಹಿಡಿದಿದ್ದಾರೆ ಎಂದುಕೊಳ್ಳಿ. ಒಟ್ಟು 1,80,000 ರೂಪಾಯಿ. ದಿನಸಿ, ತರಕಾರಿ, ಸಿಲಿಂಡರ್, ಅಡುಗೆ ಭಟ್ಟರು, ಬಡಿಸುವವರು, ಪಾತ್ರೆ ಸಾಗಣೆ ಎಲ್ಲ ಕಳೆದು ಶೇಕಡಾ 20 ಉಳಿಯುತ್ತದೆ ಎಂದಿಟ್ಟರೆ ಕೈಗೆ ಬರುವುದು 36,000. ಈಗ ‘ಬೇಗ ಬುಕ್ ಮಾಡಿದವರಿಗೆ ಶೇಕಡಾ 8 ಕಡಿತ’ ಎಂದರೆ ಬಿಟ್ಟದ್ದು 14,400. ದರದಲ್ಲಿ ಎಂಟು ಎಂದು ಚಿಕ್ಕದಾಗಿ ಕಾಣುವುದು ಲಾಭದಲ್ಲಿ ಶೇಕಡಾ 40. ಇಷ್ಟು ಕೊಟ್ಟದ್ದಕ್ಕೆ ಬದಲಾಗಿ ಅವರಿಗೆ ಏನು ಸಿಕ್ಕಿತು? ಖಾಲಿ ಬಿದ್ದಿರುತ್ತಿದ್ದ ಬುಧವಾರ ತುಂಬಿದರೆ, ತಿಂಗಳ ಸಂಬಳದ ಭಟ್ಟರಿಗೆ ಕೆಲಸ ಸಿಕ್ಕರೆ, ಅದು ಸರಿಯಾದ ವ್ಯಾಪಾರ. ಹೇಗಿದ್ದರೂ ಮೂರು ಮನೆಯವರು ಕೇಳಿಕೊಂಡು ಬರುತ್ತಿದ್ದ ಭಾನುವಾರಕ್ಕೆ ಕೊಟ್ಟರೆ ದಡ್ಡತನ.

ಕೇಟರರ್ ನಿಜವಾಗಿ ಕೊಡಬಹುದಾದ, ಗಿರಾಕಿಗೂ ಹೆಚ್ಚು ಬೆಲೆಬಾಳುವ ವಸ್ತು ಬೇರೆ ಇದೆ. ಅದು ದರ ಏರಿಸುವುದಿಲ್ಲ ಎಂಬ ಮಾತು. 19 ಕಿಲೋದ ವಾಣಿಜ್ಯ ಸಿಲಿಂಡರಿನ ಬೆಲೆ ಸಾಮಾನ್ಯವಾಗಿ ತಿಂಗಳ ಮೊದಲ ತಾರೀಕಿಗೆ ಪರಿಷ್ಕರಣೆಯಾಗುತ್ತದೆ. ಗೋವೆ ತಿನ್ನುವ ತರಕಾರಿಯ ದೊಡ್ಡ ಪಾಲು ಬೆಳಗಾವಿಯಿಂದ ಘಟ್ಟ ಇಳಿದು ಬರಬೇಕು. ಅಲ್ಲಿ ಮಳೆ ಹೆಚ್ಚಾದರೆ ಇಲ್ಲಿ ಟೊಮೆಟೊ ಏರುತ್ತದೆ. ಈ ಏರಿಳಿತ ತಿಳಿದ ಕೇಟರರ್ ಹೀಗೆ ಬರೆಯಬಹುದು: ‘ಅಕ್ಟೋಬರ್ 31, ಶನಿವಾರ, ಸಂಜೆ 7 ಗಂಟೆಯವರೆಗೆ ಮುಂಗಡ ಕೊಟ್ಟವರಿಗೆ ಫೆಬ್ರವರಿ ಕೊನೆಯವರೆಗಿನ ಯಾವ ಮದುವೆಗೂ ಇಂದಿನ ಪ್ಲೇಟ್ ದರವೇ. ನವೆಂಬರ್ 1ರಿಂದ ಆಯಾ ತಿಂಗಳ ದರ.’ ಇದರಲ್ಲಿ ಶೇಕಡಾವಾರು ಇಲ್ಲ, ಆಶ್ಚರ್ಯಚಿಹ್ನೆಯೂ ಇಲ್ಲ. ಆದರೆ ಗಡುವಿಗೆ ಒಂದು ಕಾರಣವಿದೆ, ಆ ಕಾರಣ ಓದುವವನಿಗೂ ಹೊಳೆಯುತ್ತದೆ. ಅಡುಗೆಯವರಿಗೆ ಇನ್ನೊಂದು ಗಡುವೂ ಇದೆ, ಎಷ್ಟು ಎಲೆ ಎಂಬ ಅಂತಿಮ ಸಂಖ್ಯೆಯದು. ಅದು ಮದುವೆಗೆ ಹತ್ತೋ ಏಳೋ ದಿನ ಮೊದಲು ಬರುತ್ತದೆ. ರಿಯಾಯಿತಿಯ ಕಾಗದದಲ್ಲಿ ಇದನ್ನು ಬಿಟ್ಟರೆ, ಅಕ್ಟೋಬರಿನಲ್ಲಿ 300 ಎಂದು ಬರೆಸಿ ಕೊನೆಗೆ 220ಕ್ಕೆ ಇಳಿಸುವ ಮನೆಯವರು ‘ದರ ಮಾತ್ರ ಹಳೆಯದೇ ಇರಲಿ’ ಎನ್ನುತ್ತಾರೆ. ಕಡಿಮೆ ಎಂದರೆ ಎಷ್ಟು ಪ್ಲೇಟಿಗೆ ಆ ದರ ಎಂಬುದು ಮೊದಲ ದಿನವೇ ಕಾಗದದಲ್ಲಿರಬೇಕು.

ಸೀರೆಯವರ ಕಥೆ ಇನ್ನೂ ಬೇರೆ. ಸೀರೆಗೆ ಮುಹೂರ್ತ ಇಲ್ಲ. ಇಂದು ಮಾರದ ಸೀರೆ ನಾಳೆ ಮಾರುತ್ತದೆ. ಹಾಗಾಗಿ ‘ಇನ್ನು ಎರಡೇ ದಿನ’ ಎಂಬ ಮಾತು ಇವರ ಬಾಯಲ್ಲಿ ಅತಿ ಸುಲಭ, ಅತಿ ಸುಳ್ಳು ಕೂಡ. ಗೋವೆಯ ವ್ಯಾಪಾರಿಗೆ ಒಂದು ಹೆಚ್ಚಿನ ತೊಂದರೆ ಇದೆ. ಇಲ್ಲಿನ ಎಷ್ಟೋ ಮನೆಗಳು ಮದುವೆ ಬಟ್ಟೆಗೆ ಚೋರ್ಲಾ ಘಾಟಿ ಹತ್ತಿ ಬೆಳಗಾವಿಯ ಖಡೇ ಬಜಾರಿಗೋ ಶಹಾಪುರಕ್ಕೋ ಹೋಗುತ್ತವೆ. ಅಲ್ಲಿನ ಆಯ್ಕೆಯ ಎದುರು ಶೇಕಡಾ ಹತ್ತು ಹದಿನೈದು ಏನೂ ಅಲ್ಲ. ಆದರೆ ಇವರ ಕೆಲಸದಲ್ಲೂ ಎರಡು ನಿಜವಾದ ತಿರುವುಗಳಿವೆ. ಒಂದು ಆಯೇರಿಯ ಸೀರೆ. ಬೀಗರಿಗೆ, ನಾದಿನಿಯರಿಗೆ, ಅತ್ತೆ ಚಿಕ್ಕಮ್ಮಂದಿರಿಗೆ ಉಡುಗೊರೆ ಕೊಡಲು ಮೂವತ್ತು ನಲವತ್ತು ಇಳಕಲ್ ಸೀರೆ ಒಂದೇ ಬಗೆಯವು ಬೇಕೆಂದರೆ ಅಂಗಡಿಯ ಕಪಾಟಿನಲ್ಲಿ ಅವು ಇರುವುದಿಲ್ಲ, ನೇಕಾರರಿಗೆ ಆರ್ಡರ್ ಹೋಗಬೇಕು. ಆರ್ಡರ್ ಕಟ್ಟುವ ದಿನವೇ ಗಡುವು. ಇನ್ನೊಂದು ದರ್ಜಿಯದು. ಸೀರೆ ಕೊಂಡ ಮೇಲೆ ಫಾಲ್, ಪಿಕೋ, ಕುಚ್ಚು, ಬ್ಲೌಸು. ತುಳಸಿ ಲಗ್ನದ ನಂತರ ಬ್ಲೌಸಿಗೆ ಬಟ್ಟೆ ಹಿಡಿಯುವ ದರ್ಜಿ ಸಿಗುವುದೇ ಕಷ್ಟ. ‘ನವೆಂಬರ್ 12ರವರೆಗೆ ಕೊಂಡ ಸೀರೆಗೆ ಬ್ಲೌಸ್ ಹೊಲಿಗೆ ನಮ್ಮದು, ನವೆಂಬರ್ 28ಕ್ಕೆ ಕೈಗೆ ಕೊಡುತ್ತೇವೆ. ಆಮೇಲೆ ಕೊಂಡರೆ ಹೊಲಿಗೆ ನೀವೇ ನೋಡಿಕೊಳ್ಳಬೇಕು’ ಎಂದು ಬರೆದ ಅಂಗಡಿಗೆ ಬೆಳಗಾವಿಯ ಎದುರು ನಿಲ್ಲುವ ಶಕ್ತಿ ಬರುತ್ತದೆ. ಬ್ಲೌಸಿನ ಅಳತೆ ತಪ್ಪಿದರೆ ಮತ್ತೆ ಘಾಟಿ ಹತ್ತಬೇಕಾಗಿಲ್ಲವಲ್ಲ.

ಇನ್ನು ಗಡುವನ್ನು ಯಾವ ದಿನಕ್ಕೆ ಇಡಬೇಕು ಎಂಬ ಪ್ರಶ್ನೆ. ವ್ಯಾಪಾರಿಗಳು ತಿಂಗಳ ಕೊನೆಯ ತಾರೀಕನ್ನು ಕಣ್ಣು ಮುಚ್ಚಿ ಹಾಕುತ್ತಾರೆ. 2026ರಲ್ಲಿ ‘ಸೆಪ್ಟೆಂಬರ್ 30’ ಎಂದು ಹಾಕಿದರೆ ಅದು ಪಿತೃಪಕ್ಷದ ನಾಲ್ಕನೆಯ ದಿನ. ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆಯವರೆಗೆ ಯಾವ ಹಿಂದೂ ಮನೆಯ ಹಿರಿಯರು ಮದುವೆಗೆ ಮುಂಗಡ ಕೊಡುತ್ತಾರೆ? ಅದಕ್ಕೆ ಮುಂಚೆ, ಸೆಪ್ಟೆಂಬರ್ 14ರ ಚೌತಿಯ ಆಸುಪಾಸು, ಗೋವೆಯ ಮನೆಗಳಿಗೆ ಮಾಟೋಳಿ ಕಟ್ಟುವುದು ಬಿಟ್ಟು ಬೇರೆ ಯೋಚನೆ ಇರುವುದಿಲ್ಲ. ಹೌದೆನ್ನಲು ಗಿರಾಕಿಗೆ ಸಾಧ್ಯವೇ ಇಲ್ಲದ ದಿನಕ್ಕೆ ಗಡುವು ಇಟ್ಟ ವ್ಯಾಪಾರಿ, ಕೊನೆಗೆ ‘ಗ್ರಾಹಕರ ಒತ್ತಾಯದ ಮೇರೆಗೆ ವಿಸ್ತರಿಸಲಾಗಿದೆ’ ಎಂದು ಬರೆಯಬೇಕಾಗುತ್ತದೆ. ಒತ್ತಾಯ ಯಾರೂ ಮಾಡಿರುವುದಿಲ್ಲ. ಅಕ್ಟೋಬರ್ 20, ಮಂಗಳವಾರ, ವಿಜಯದಶಮಿ. ಶುಭಕಾರ್ಯಕ್ಕೆ ಬೇರೆ ಮುಹೂರ್ತ ನೋಡಬೇಕಿಲ್ಲದ ದಿನ, ಮನೆಯವರು ಸಂತೋಷದಿಂದ ಸಂಚಕಾರ ಕೊಡುವ ದಿನ. ಗಡುವನ್ನು ಅಲ್ಲಿಗೆ ತಂದು ನಿಲ್ಲಿಸುವುದು ಜಾಣತನ. ಬಾಯಣೆ, ಜುವಾರಿನಗರದ ದುಡಿಯುವ ಮನೆಗಳೇ ನಿಮ್ಮ ಗಿರಾಕಿಗಳಾದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಪಂಚಾಂಗಕ್ಕಿಂತ ಸಂಬಳದ ದಿನ ಮುಖ್ಯ. 28ಕ್ಕೆ ಮುಗಿಯುವ ರಿಯಾಯಿತಿ ಅವರ ಕಣ್ಣೆದುರೇ ಹಾದುಹೋಗುತ್ತದೆ, 10ನೇ ತಾರೀಕಿಗೆ ಮುಗಿಯುವುದು ಕೈಗೆ ಸಿಗುತ್ತದೆ.

ದಿನ ಗೊತ್ತಾದ ಮೇಲೆ ಮಾತು. ‘20ರ ಒಳಗೆ’ ಎಂದರೆ 20 ಸೇರಿತೇ? ಕೆಲವರು ಸೇರಿತು ಎನ್ನುತ್ತಾರೆ, ಕೆಲವರು 19ಕ್ಕೇ ಮುಗಿಯಿತು ಎನ್ನುತ್ತಾರೆ. ‘20ರ ಮುಂಚೆ’ ಎಂದರೂ ಇದೇ ಗೊಂದಲ. ‘20ರವರೆಗೆ’ ಎಂಬುದು ಇವೆರಡಕ್ಕಿಂತ ಸ್ಪಷ್ಟ, ‘20 ಸೇರಿ’ ಎಂದು ಕೂಡಿಸಿದರೆ ತಕರಾರಿಗೆ ಎಡೆಯೇ ಇಲ್ಲ. ‘ರಾತ್ರಿ 12’ ಎಂದು ಮಾತ್ರ ಬರೆಯಬೇಡಿ. ಅದು 20 ಹುಟ್ಟುವ ಹೊತ್ತೋ ಮುಗಿಯುವ ಹೊತ್ತೋ ಯಾರಿಗೂ ಗೊತ್ತಾಗುವುದಿಲ್ಲ. ನೀವು ಫೋನ್ ಎತ್ತುವ ಹೊತ್ತನ್ನೇ, ಉದಾಹರಣೆಗೆ ರಾತ್ರಿ 8 ಗಂಟೆ ಎಂದು ಬರೆಯಿರಿ. ಮಗ ಹಡಗಿನಲ್ಲೋ ದುಬೈಯಲ್ಲೋ ಕುಳಿತು ಹಣ ಕಳಿಸುವ ಮನೆಗಳಿರುವುದರಿಂದ ‘ಭಾರತದ ಸಮಯ’ ಎಂಬ ಎರಡು ಪದ ದಂಡವಲ್ಲ. ತಿಂಗಳನ್ನು ಅಂಕಿಯಲ್ಲಿ ಬರೆಯಬಾರದು, 10/11 ಎಂಬುದನ್ನು ಅಲ್ಲಿಂದ ಓದುವವರು ಅಕ್ಟೋಬರ್ 11 ಎಂದುಕೊಂಡಾರು. ವಾರದ ಹೆಸರು ಸೇರಿಸಿದರೆ ನಿಮ್ಮದೇ ತಪ್ಪು ನಿಮಗೆ ಅಚ್ಚಿಗೆ ಮುಂಚೆ ಸಿಗುತ್ತದೆ. ಗೋವೆಯಲ್ಲಿ ಒಂದೇ ಜಾಹೀರಾತು ಕನ್ನಡ, ದೇವನಾಗರಿ ಕೊಂಕಣಿ, ರೋಮಿ ಕೊಂಕಣಿ, ಇಂಗ್ಲಿಷ್ ಎಂದು ನಾಲ್ಕು ರೂಪದಲ್ಲಿ ಹೋಗುವುದುಂಟು. ಕಡೆಯ ಗಳಿಗೆಯಲ್ಲಿ ಒಂದರ ದಿನಾಂಕ ತಿದ್ದಿ ಉಳಿದವನ್ನು ಮರೆತರೆ, ಗಿರಾಕಿ ಹಿಡಿದು ತರುವುದು ತನಗೆ ಅನುಕೂಲವಾದ ರೂಪವನ್ನೇ.

ಇದಕ್ಕಿಂತ ಮುಖ್ಯವಾದದ್ದು, ಆ ಹೊತ್ತಿನೊಳಗೆ ಆಗಬೇಕಾದದ್ದು ಏನು ಎಂಬುದು. ಫೋನ್ ಮಾಡಿದರೆ ಸಾಕೇ, ‘ಡೇಟ್ ಬ್ಲಾಕ್ ಮಾಡಿ’ ಎಂದು ಮೆಸೇಜ್ ಹಾಕಿದರೆ ಸಾಕೇ, ಮುಂಗಡ ಬರಬೇಕೇ? ಯುಪಿಐಯಲ್ಲಿ 7 ಗಂಟೆ 58 ನಿಮಿಷಕ್ಕೆ ಕಳಿಸಿದ ಹಣ ‘ಪೆಂಡಿಂಗ್’ ಎಂದು ನಿಂತು ಮರುದಿನ ಬೆಳಿಗ್ಗೆ ಸೇರಿದರೆ? ಫೋಟೋದವರ ಒಂದು ಪೂರ್ಣ ಜಾಹೀರಾತು, ಮೊತ್ತಗಳನ್ನು ಉದಾಹರಣೆಗೆ ಹಿಡಿದು, ಹೀಗಿರಬಹುದು:

‘ನವೆಂಬರ್ 25, 2026ರಿಂದ ಫೆಬ್ರವರಿ 9, 2027ರವರೆಗಿನ ಮದುವೆಗಳಿಗೆ. ಡಿಸೆಂಬರ್ 26ರಿಂದ ಜನವರಿ 6ರವರೆಗಿನ ದಿನಗಳಿಗೆ ಇದು ಅನ್ವಯಿಸುವುದಿಲ್ಲ. ಅಕ್ಟೋಬರ್ 20, ಮಂಗಳವಾರ, ರಾತ್ರಿ 8 ಗಂಟೆಯವರೆಗೆ (ಭಾರತದ ಸಮಯ) 10,000 ರೂಪಾಯಿ ಮುಂಗಡ ಕಳಿಸಿದವರಿಗೆ ಎರಡು ದಿನದ ಕೆಲಸ, ತೆರಿಗೆ ಸೇರಿ, 54,000 ರೂಪಾಯಿ. ಆಮೇಲೆ 60,000. ನಿಮ್ಮ ರಸೀದಿಯಲ್ಲಿರುವ ಸಮಯವೇ ಲೆಕ್ಕ. ಹಣ ಕಳಿಸುವ ಮುಂಚೆ ನಿಮ್ಮ ದಿನ ಖಾಲಿ ಇದೆಯೇ ಕೇಳಿಕೊಳ್ಳಿ. ಮದುವೆಯ ದಿನ ಬದಲಾದರೆ, ಹೊಸ ದಿನ ನಮ್ಮಲ್ಲಿ ಖಾಲಿ ಇದ್ದರೆ, ಇದೇ ದರ.’

ಉದ್ದವಾಯಿತು ಎನ್ನುವವರಿದ್ದಾರೆ. ಆದರೆ ಇದರಲ್ಲಿ ಬಿಡಬಹುದಾದ ವಾಕ್ಯ ಯಾವುದು ಎಂದು ನನಗೆ ತೋರದು. ಅನ್ವಯಿಸದ ದಿನಗಳು ದೊಡ್ಡ ಅಕ್ಷರದ ರಿಯಾಯಿತಿಯ ಕೆಳಗೆ ಇರುವೆ ಸಾಲಿನಂತೆ ಇರದೆ ಅದೇ ಗಾತ್ರದಲ್ಲಿವೆ. ಕೊನೆಯ ವಾಕ್ಯ ಗಿರಾಕಿಯ ನಿಜವಾದ ಹೆದರಿಕೆಗೆ ಉತ್ತರ. ಮನೆಯಲ್ಲಿ ಯಾರಾದರೂ ತೀರಿಕೊಂಡು ಸೂತಕ ಬಂದರೆ ಮುಹೂರ್ತ ಮುಂದೆ ಹೋಗುತ್ತದೆ. ಬೇಗ ಹಣ ಕೊಡಲು ಜನ ಹಿಂದೆಮುಂದೆ ನೋಡುವುದು ಜಿಪುಣತನದಿಂದಲ್ಲ, ಇದರಿಂದ. ‘ತೆರಿಗೆ ಸೇರಿ’ ಎಂಬುದಕ್ಕೂ ಕಾರಣವಿದೆ. ನೋಂದಣಿ ಇರುವ ಫೋಟೋದವರಿಗೆ ಶೇಕಡಾ 18 ಜಿಎಸ್‌ಟಿ. ಸೇವೆಯ ವಿಷಯದಲ್ಲಿ ಮುಂಗಡ ಪಡೆದ ಕೂಡಲೇ ಆ ಮುಂಗಡದ ಮೇಲೆ ತೆರಿಗೆಯ ಹೊಣೆ ಹುಟ್ಟುತ್ತದೆ. ಸೀರೆಯಂಥ ಸರಕಿಗೆ 2017ರ ನವೆಂಬರಿನಿಂದ ಹಾಗಿಲ್ಲ. ತೆರಿಗೆಯನ್ನು ಕೊನೆಯ ಬಿಲ್ಲಿನಲ್ಲಿ ಮೊದಲ ಬಾರಿ ತೋರಿಸಿದರೆ ಗಿರಾಕಿಗೆ ರಿಯಾಯಿತಿ ಸಿಕ್ಕ ನೆನಪೂ ಉಳಿಯುವುದಿಲ್ಲ.

ಇಷ್ಟು ಹೇಳಿದಾಗ ವ್ಯಾಪಾರಿಗಳು ಒಂದು ಮಾತು ಎತ್ತುತ್ತಾರೆ: ಹೆದರಿಸದಿದ್ದರೆ ಜನ ಬುಕ್ ಮಾಡುವುದಿಲ್ಲ, ಗಡುವು ಮುಗಿದ ಮೇಲೆ ಬಂದವರನ್ನು ಹಿಂದಕ್ಕೆ ಕಳಿಸಲೂ ಆಗುವುದಿಲ್ಲ. ಈ ಮಾತಿನ ಮೊದಲರ್ಧಕ್ಕೆ ಕಾನೂನಿನಲ್ಲಿ ಉತ್ತರವಿದೆ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಅಡಿ ರಚನೆಯಾದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಆನ್‌ಲೈನ್ ವ್ಯಾಪಾರದ ಮೋಸದ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೆಸರಿಸಿದ 13 ಬಗೆಗಳಲ್ಲಿ ಮೊದಲನೆಯದೇ ಸುಳ್ಳು ಅವಸರ. ಇಲ್ಲದ ಕೊರತೆಯನ್ನು ಇದೆಯೆಂದು ತೋರಿಸಿ ತಕ್ಷಣ ಕೊಳ್ಳುವಂತೆ ಮಾಡುವುದು. ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ವಾಸ್ಕೋದ ಒಂದು ಸಣ್ಣ ಸ್ಟುಡಿಯೋದ ಬಾಗಿಲಿಗೆ ಪ್ರಾಧಿಕಾರ ಬಂದು ನಿಲ್ಲುತ್ತದೆ ಎಂದು ನಾನು ಹೆದರಿಸುವುದಿಲ್ಲ. ಅದೂ ಒಂದು ಸುಳ್ಳು ಅವಸರವೇ. ಆದರೆ ಪ್ರತಿ ಸೋಮವಾರ ‘ಇನ್ನು ಎರಡೇ ದಿನ’ ಎಂದು ಸ್ಟೇಟಸ್ ಹಾಕುವವರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಹಂಚುತ್ತಿರುತ್ತಾರೆ. 2011ರ ಜನಗಣತಿಯಂತೆ ಹದಿನೈದು ಲಕ್ಷಕ್ಕೂ ಕಡಿಮೆ ಜನರಿದ್ದ ರಾಜ್ಯ ಇದು. ಅಕ್ಕನ ಮದುವೆಗೆ ಬಂದ ಸ್ಟೇಟಸ್ಸನ್ನು ತಂಗಿಯ ಮದುವೆಗೆ ತೆಗೆದು ತೋರಿಸುವವರು ಇಲ್ಲಿದ್ದಾರೆ.

ಎರಡನೆಯ ಅರ್ಧ ಹೆಚ್ಚು ಕಷ್ಟದ್ದು. ಗಡುವು ದಾಟಿ ಮೂರನೆಯ ದಿನ ಒಬ್ಬ ತಾಯಿ ಬಂದು, ‘ಊರಿಂದ ಬೀಗರು ನಿನ್ನೆ ತಾನೇ ಒಪ್ಪಿದರು, ಹಳೆಯ ದರಕ್ಕೇ ಮಾಡಿಕೊಡಿ ಅಣ್ಣಾ’ ಎಂದರೆ? ಹುಬ್ಬಳ್ಳಿ ಕಡೆಯ ಗಂಡಿನವರ ಒಪ್ಪಿಗೆಗೆ ಕಾಯುವ ಇಲ್ಲಿನ ಕನ್ನಡ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ. ನನ್ನ ಅಭಿಪ್ರಾಯ, ಕೊಡಬಾರದು. ನಿಷ್ಠುರ ಎನಿಸಬಹುದು. ಆದರೆ ದಸರೆಯ ದಿನ ಸಾಲ ಮಾಡಿ ಮುಂಗಡ ಕೊಟ್ಟ ಇನ್ನೊಬ್ಬ ತಾಯಿ ಇದ್ದಾಳೆ. ಅವಳಿಗೆ ಗಡುವು ನಿಜ, ಇವಳಿಗೆ ಸುಳ್ಳು ಎಂದರೆ ಮೋಸಹೋದದ್ದು ನಿಮ್ಮ ಮಾತನ್ನು ನಂಬಿದವಳೇ. ಬಂದವರಿಗೆ ಬೇರೇನಾದರೂ ಕೊಡಿ. ಕಂತಿನಲ್ಲಿ ಹಣ ತೆಗೆದುಕೊಳ್ಳಿ, ಖಾಲಿ ಇರುವ ಬುಧವಾರ ತೋರಿಸಿ. ಎಲ್ಲರಿಗೂ ವಿಸ್ತರಿಸಲೇಬೇಕಾದ ಪ್ರಸಂಗ ಬಂದರೆ, ಯಾಕೆಂದು ಒಂದು ವಾಕ್ಯ ಬರೆದು, ಒಮ್ಮೆ ಮಾತ್ರ ವಿಸ್ತರಿಸಿ, ಮೊದಲು ಕೊಟ್ಟವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನದನ್ನು ಸೇರಿಸಿ. ಒಂದು ಆಲ್ಬಮ್, ಹತ್ತು ಪ್ಲೇಟು ಸಿಹಿ, ಒಂದು ಬ್ಲೌಸಿನ ಹೊಲಿಗೆ. ಅದನ್ನು ಕೊಡುವ ಶಕ್ತಿ ಇಲ್ಲದ ವ್ಯಾಪಾರಿಗೆ ವಿಸ್ತರಿಸುವ ಹಕ್ಕೂ ಇಲ್ಲ.

ಮದುವೆ ಇಟ್ಟುಕೊಂಡ ಮನೆಯವರಿಗೂ ಒಂದು ಮಾತು. ಈ ವರ್ಷ ಮೊದಲ ಸುತ್ತು ಚಿಕ್ಕದು, ದಿನ ಗೊತ್ತಾಗಿದ್ದರೆ ಫೋಟೋದವರನ್ನು ರಿಯಾಯಿತಿಗೆ ಕಾಯದೆ ಹಿಡಿಯಿರಿ. ಕೇಟರರ್ ಬಳಿ ಶೇಕಡಾವಾರು ಕೇಳುವ ಬದಲು ದರ ಏರಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಸೀರೆ ಅಂಗಡಿಯ ‘ಎರಡೇ ದಿನ’ಕ್ಕೆ ಮಾತ್ರ ಅವಸರಪಡಬೇಡಿ, ಬ್ಲೌಸು ಯಾವತ್ತು ಕೈಗೆ ಬರುತ್ತದೆ ಎಂದು ಕೇಳಿ. ಯಾರಿಗೇ ಮುಂಗಡ ಕೊಟ್ಟರೂ ಮೂರು ಸಾಲು ಫೋನಿನಲ್ಲಿ ಬರೆಸಿಕೊಳ್ಳಿ: ಯಾವ ದಿನದ ಮದುವೆಗೆ, ಒಟ್ಟು ಎಷ್ಟು, ದಿನ ಬದಲಾದರೆ ಏನು.